ಚಲಿಸುವ ಸ್ಟಿಕ್ಕರ್, ನಿಂತ ಸ್ಟಿಕ್ಕರ್, ಎಮೋಜಿ: ನಿಧಾನದ ನೆಟ್‌ನಲ್ಲಿ ಯಾವುದಕ್ಕೆ ಎಷ್ಟು ಖರ್ಚು

ಕಳೆದ ರಾಜ್ಯೋತ್ಸವದ ದಿನ ತಾಳವಾಡಿಯಲ್ಲಿ ಸಂಜೆ 5ಕ್ಕೆ ನಮ್ಮ ಕಾರ್ಯಕ್ರಮವಿತ್ತು. ಮಧ್ಯಾಹ್ನ ಮಳೆ ಹಿಡಿಯಿತು. ಶಾಲೆಯ ಬಯಲಿನಿಂದ ಕಲ್ಯಾಣ ಮಂಟಪಕ್ಕೆ ಜಾಗ ಬದಲಾಯಿಸಿ, ಆ ಸೂಚನೆಯನ್ನು ಅಂದವಾದ ಒಂದು ಚಿತ್ರ ಮಾಡಿ 3:15ಕ್ಕೆ ಬಳಗಕ್ಕೆ ಹಾಕಿದೆವು. ಬೆಟ್ಟದ ಬದಿಯ ಹಳ್ಳಿಗಳಿಂದ ಬಂದ ಮೂರು ಕುಟುಂಬಗಳು ಮಾತ್ರ ನೇರ ಶಾಲೆಯ ಬಯಲಿಗೇ ಹೋಗಿ, ಬೀಗ ಹಾಕಿದ ಗೇಟಿನ ಮುಂದೆ ಮಕ್ಕಳ ಜೊತೆ ಮಳೆಯಲ್ಲಿ ನಿಂತಿದ್ದವು. ಅವರ ಫೋನಿಗೆ ಸಂದೇಶ ಬಂದಿತ್ತು, ಚಿತ್ರ ಇನ್ನೂ ತೆರೆದುಕೊಂಡಿರಲಿಲ್ಲ. ಮನೆಯ ಮಕ್ಕಳು ಬೆಳಗಿನಿಂದ ವಿಡಿಯೊ ನೋಡಿ ಆ ದಿನದ ಡೇಟಾ ಮುಗಿಸಿದ್ದರು. ಬಸ್ಸಿನಲ್ಲಿ ಕುಳಿತು ನೆಟ್ ಹಾಕಿದಾಗ ಮೊದಲು ಇಳಿಯತೊಡಗಿದ್ದು ಬೆಳಗಿನಿಂದ ಬಳಗಕ್ಕೆ ಬಂದು ಬಿದ್ದಿದ್ದ ಶುಭಾಶಯದ ಸ್ಟಿಕ್ಕರ್‌ಗಳು. ಬಾವುಟ ಪಟಪಟಿಸುವುದು, ದೀಪ ಮಿನುಗುವುದು, ಹೂವು ಉದುರುವುದು ಎಲ್ಲ ಸೇರಿ ಚಲಿಸುವಂಥವೇ 38 ಇದ್ದವು.

ಆಮೇಲೆ ಒಂದು ಫೋನಿನ ಫೋಲ್ಡರ್ ತೆರೆದು ಲೆಕ್ಕ ಹಾಕಿದೆವು. ಆ 38ರ ಒಟ್ಟು ಗಾತ್ರ ಸುಮಾರು 11 ಎಂಬಿ. ಡೇಟಾ ಮುಗಿದ ಫೋನಿನಲ್ಲಿ ಅಷ್ಟು ಇಳಿಯಲು ಎಷ್ಟು ಹೊತ್ತು ಬೇಕು ಎಂಬುದು ಮುಂದೆ ಬರುತ್ತದೆ. ತಪ್ಪು ಸ್ಟಿಕ್ಕರ್ ಕಳುಹಿಸಿದವರದ್ದಲ್ಲ. ಅವುಗಳಲ್ಲಿ ಆರು ಸಂಘದ ಕಡೆಯಿಂದಲೇ ಹೋಗಿದ್ದವು, ಜಾಗ ಬದಲಾದ ಸುದ್ದಿಯನ್ನು ಚಿತ್ರದೊಳಗೆ ಇಟ್ಟವರೂ ನಾವೇ. ಸಂಕ್ರಾಂತಿ, ಯುಗಾದಿಗೆ ಮತ್ತೆ ಹೀಗಾಗಬಾರದೆಂದು ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿಟ್ಟಿದ್ದೇವೆ.

ಕಣ್ಣಿಗೆ ಒಂದೇ, ತೂಕದಲ್ಲಿ ಬೇರೆ

ಎಮೋಜಿ, ಸ್ಟಿಕ್ಕರ್, ಜಿಫ್ ಎಲ್ಲವನ್ನೂ ನಾವು ಒಂದೇ ಬಗೆಯ ಗೊಂಬೆ ಎಂಬಂತೆ ಬಳಸುತ್ತೇವೆ. ಗಾಳಿಯಲ್ಲಿ ಹೋಗುವ ಸರಕು ಮಾತ್ರ ಬೇರೆ ಬೇರೆ.

ಎಮೋಜಿ ಎಂದರೆ ಅಕ್ಷರ. ಕನ್ನಡದ ‘ಕ’ಗೆ ಯೂನಿಕೋಡ್‌ನಲ್ಲಿ ಒಂದು ಸಂಖ್ಯೆ ಇರುವ ಹಾಗೆ ಕೈಮುಗಿದ ಎಮೋಜಿಗೂ ಒಂದು ಸಂಖ್ಯೆ ಇದೆ. ಕಳುಹಿಸಿದಾಗ ಹೋಗುವುದು ಆ ಸಂಖ್ಯೆ ಮಾತ್ರ. ಚಿತ್ರ ಪಡೆದವರ ಫೋನಿನೊಳಗೆ ಅಥವಾ ಆಪ್‌ನೊಳಗೆ ಮೊದಲೇ ಇರುತ್ತದೆ. ಅದಕ್ಕೇ ಒಂದೇ ಎಮೋಜಿ ಬೇರೆ ಬೇರೆ ಕಂಪನಿಯ ಫೋನುಗಳಲ್ಲಿ ಸ್ವಲ್ಪ ಬೇರೆ ಬೇರೆಯಾಗಿ ಕಾಣುವುದು. ಕೈಮುಗಿದ ಎಮೋಜಿಯ ತೂಕ 4 ಬೈಟ್. ಚರ್ಮದ ಬಣ್ಣ ಆರಿಸಿಕೊಂಡರೆ ಇನ್ನೊಂದು 4 ಸೇರಿ 8. ಅಪ್ಪ, ಅಮ್ಮ, ಇಬ್ಬರು ಮಕ್ಕಳಿರುವ ಕುಟುಂಬದ ಎಮೋಜಿ ನಾಲ್ಕು ಎಮೋಜಿಗಳನ್ನು ಕಾಣದ ಗಂಟಿನಿಂದ ಪೋಣಿಸಿದ್ದು. ಅದೂ 25 ಬೈಟ್ ಅಷ್ಟೆ. ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆ ತಲಾ 3 ಬೈಟ್ ಹಿಡಿಯುತ್ತದೆ. ‘ರಾಜ್ಯೋತ್ಸವದ ಶುಭಾಶಯಗಳು’ ಎಂದು ಟೈಪ್ ಮಾಡಿದರೆ ನಡುವಿನ ಖಾಲಿ ಜಾಗವೂ ಸೇರಿ 61 ಬೈಟ್. ಜೊತೆಗೊಂದು ಕೈಮುಗಿದ ಎಮೋಜಿ ಹಾಕಿದರೆ 65. ಯಾರಿಗೆ, ಯಾವಾಗ ಎಂಬ ವಿಳಾಸದ ಭಾಗವನ್ನು ಆಪ್ ಇದರ ಮೇಲೆ ಸೇರಿಸುತ್ತದೆ. ಆದರೂ ಅದು ಲೆಕ್ಕಕ್ಕೆ ಬರುವ ತೂಕವಲ್ಲ.

ಕೆಲವು ಆಪ್‌ಗಳಲ್ಲಿ ಒಂಟಿ ಎಮೋಜಿ ಕಳುಹಿಸಿದರೆ ಅದು ದೊಡ್ಡದಾಗಿ ಕುಣಿಯುತ್ತದೆ, ಕೆಂಪು ಹೃದಯ ಮಿಡಿಯುತ್ತದೆ. ಇದು ಚಲಿಸುವ ಸ್ಟಿಕ್ಕರ್‌ನಂತೆ ಕಂಡರೂ ದಾರಿಯಲ್ಲಿ ಹೋದದ್ದು ಆ ನಾಲ್ಕಾರು ಬೈಟ್‌ಗಳೇ. ಕುಣಿಸುವ ಕೆಲಸ ಪಡೆದ ಕಡೆಯ ಆಪ್‌ನದು. ಹಾಗಾಗಿ ಚಲಿಸುವ ಎಮೋಜಿಗೂ ಚಲಿಸುವ ಸ್ಟಿಕ್ಕರ್‌ಗೂ ಇರುವ ಅಂತರ, ಚೀಟಿಗೂ ಪಾರ್ಸೆಲ್‌ಗೂ ಇರುವಷ್ಟು.

ಸ್ಟಿಕ್ಕರ್ ಪಾರ್ಸೆಲ್. ಅದು ಇಡಿಯಾಗಿ ಒಂದು ಚಿತ್ರದ ಫೈಲ್. ವಾಟ್ಸಾಪ್‌ನಲ್ಲಿ ಅದರ ಅಳತೆ ನಿಗದಿಯಾಗಿದೆ: ಅಗಲ 512, ಎತ್ತರ 512 ಪಿಕ್ಸೆಲ್, ವೆಬ್‌ಪಿ ಎಂಬ ಬಗೆ. ಪ್ಯಾಕ್ ಮಾಡುವವರಿಗೆ ಹಾಕಿರುವ ಮಿತಿ ನಿಂತ ಸ್ಟಿಕ್ಕರ್‌ಗೆ 100 ಕೆಬಿ, ಚಲಿಸುವುದಕ್ಕೆ 500 ಕೆಬಿ. ಚಲನೆ 10 ಸೆಕೆಂಡ್ ಮೀರುವಂತಿಲ್ಲ. ವಾಟ್ಸಾಪ್‌ಗೆ ಸ್ಟಿಕ್ಕರ್ ಬಂದದ್ದು 2018ರ ಅಕ್ಟೋಬರ್‌ನಲ್ಲಿ, ಚಲಿಸುವವು 2020ರ ಜುಲೈನಲ್ಲಿ. ಮೊದಲ ಎರಡು ರಾಜ್ಯೋತ್ಸವಗಳಲ್ಲಿ ಯಾರೂ ಈ ದೂರು ಹೇಳಿರಲಿಲ್ಲ ಎಂಬುದು ಈಗ ನೆನಪಾಗುತ್ತದೆ.

ಜಿಫ್ ಎಂದು ಮೂಲೆಯಲ್ಲಿ ಗುರುತು ಕಾಣುವ ಚೌಕಾಕಾರದ್ದು ಇನ್ನೊಂದು ಬಗೆ. ವಾಟ್ಸಾಪ್ ಅದನ್ನು ಶಬ್ದವಿಲ್ಲದ ಪುಟ್ಟ ವಿಡಿಯೊ ಆಗಿ ಬದಲಾಯಿಸಿ ಕಳುಹಿಸುತ್ತದೆ. ಅದನ್ನು ವಿಡಿಯೊ ಎಂದೇ ತಿಳಿದುಕೊಂಡರೆ ಸಾಕು.

64 ಕೆಬಿಪಿಎಸ್ ಎಂದರೆ ನಿಜಕ್ಕೂ ಎಷ್ಟು

ದಿನಕ್ಕೆ 1.5 ಜಿಬಿ ಸಿಗುವ ಪ್ಯಾಕ್‌ನಲ್ಲಿ ಒಂದು ಸ್ಟಿಕ್ಕರ್ ಯಾವ ಲೆಕ್ಕ ಎಂದು ಕೇಳಬಹುದು. ದುಡ್ಡಿನ ಮಾತಿಗೆ ಬಂದರೆ ಅದು ನಿಜವೇ. ಅಂದಿನ ಆ 11 ಎಂಬಿ, 1.5 ಜಿಬಿಯಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ದಿನದ ಡೇಟಾ ಇರುವ ತನಕ, ಸಿಗ್ನಲ್ ಚೆನ್ನಾಗಿರುವ ತನಕ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತೊಂದರೆ ಬರುವುದು ಎರಡು ಬಗೆಯ ಸದಸ್ಯರಿಗೆ. ಮಾತನಾಡುವುದಕ್ಕೆಂದೇ ರೀಚಾರ್ಜ್ ಮಾಡಿಸಿ, ಇಡೀ ಅವಧಿಗೆ ಸೇರಿ ಒಂದೆರಡು ಜಿಬಿ ಮಾತ್ರ ಇಟ್ಟುಕೊಂಡಿರುವ ಹಿರಿಯರು ಒಂದು ಬಗೆ. ದಿನಕ್ಕೆ 11 ಎಂಬಿ ಸ್ಟಿಕ್ಕರ್‌ಗೇ ಹೋದರೆ ತಿಂಗಳಿಗೆ 330 ಎಂಬಿ. 1 ಜಿಬಿ ಇಟ್ಟುಕೊಂಡವರಿಗೆ ಅದು ಮೂರರಲ್ಲಿ ಒಂದು ಪಾಲು. ಇನ್ನೊಂದು ಬಗೆ, ದಿನದ ಮಿತಿ ಮುಗಿದವರು. ಮಿತಿ ಮುಗಿದರೂ ನೆಟ್ ನಿಲ್ಲುವುದಿಲ್ಲ, ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ ಎಂದು ಸಾಮಾನ್ಯವಾಗಿ ಪ್ಯಾಕ್‌ನ ವಿವರದಲ್ಲಿ ಬರೆದಿರುತ್ತದೆ.

ಈ 64ನ್ನು ಓದುವಾಗ ಎಡವುವುದು ಸುಲಭ. ನೆಟ್‌ನ ವೇಗವನ್ನು ಅಳೆಯುವುದು ಬಿಟ್‌ನಲ್ಲಿ, ಫೈಲನ್ನು ಅಳೆಯುವುದು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 64 ಎಂದರೆ ಸೆಕೆಂಡಿಗೆ 8 ಕೆಬಿ, ಅದೂ ಸಿಗ್ನಲ್ ಪೂರ್ತಿ ಇದ್ದರೆ. ಫೈಲಿನ ಕೆಬಿಯನ್ನು 8ರಿಂದ ಭಾಗಿಸಿದರೆ ಎಷ್ಟು ಸೆಕೆಂಡ್ ಬೇಕೆಂದು ಸಿಗುತ್ತದೆ.

ಹಾಗೆ ನೋಡಿದರೆ, ಟೈಪ್ ಮಾಡಿದ ಶುಭಾಶಯ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. 24 ಕೆಬಿಯ ನಿಂತ ಸ್ಟಿಕ್ಕರ್‌ಗೆ 3 ಸೆಕೆಂಡ್. 480 ಕೆಬಿಯ ಚಲಿಸುವ ಸ್ಟಿಕ್ಕರ್‌ಗೆ ಒಂದು ನಿಮಿಷ. ಅಂದಿನ 11 ಎಂಬಿಗೆ 1,375 ಸೆಕೆಂಡ್, ಅಂದರೆ ಸುಮಾರು 23 ನಿಮಿಷ. ಬೇರೆ ಏನೂ ಬಾರದೆ ಆ ಫೋನಿನ ನೆಟ್ ಪೂರ್ತಿ ಸ್ಟಿಕ್ಕರ್‌ಗೇ ದುಡಿದರೆ ಇಷ್ಟು. ಜಾಗ ಬದಲಾದ ಸೂಚನೆಯ ಚಿತ್ರ 180 ಕೆಬಿ ಇತ್ತು. ಅದೊಂದೇ ಬಂದಿದ್ದರೆ 23 ಸೆಕೆಂಡ್ ಸಾಕಿತ್ತು. ಘಾಟಿ ರಸ್ತೆಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುವಾಗ ಈ ಲೆಕ್ಕವೂ ಹಿಡಿತಕ್ಕೆ ಸಿಗುವುದಿಲ್ಲ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಸ್ಟಿಕ್ಕರ್ ಅಲುಗಾಡುತ್ತಲೇ ಇದ್ದರೆ ಡೇಟಾ ಸೋರುತ್ತಲೇ ಇರುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ಒಬ್ಬ ಹಿರಿಯರು ಅದಕ್ಕಾಗಿ ಬಳಗವನ್ನೇ ತೆರೆಯುತ್ತಿರಲಿಲ್ಲ. ಹಾಗಲ್ಲ. ಫೈಲ್ ಒಮ್ಮೆ ಫೋನಿಗೆ ಇಳಿದ ಮೇಲೆ ಅದು ನೂರು ಸಲ ಕುಣಿದರೂ ಡೇಟಾ ಖರ್ಚಿಲ್ಲ. ಸ್ವಲ್ಪ ಬ್ಯಾಟರಿ ಹೋಗಬಹುದು, ಹಳೆಯ ಫೋನಿನಲ್ಲಿ ಪರದೆ ತಡವರಿಸಬಹುದು. ಅದಕ್ಕೆ ಕಾರಣವಿದೆ: 512ಕ್ಕೆ 512ರ ಚಿತ್ರವನ್ನು ಬಿಚ್ಚಿ ಪರದೆಗೆ ತರಲು ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ ಸರಿಯಾಗಿ 1 ಎಂಬಿ ನೆನಪು ಬೇಕು. ಸೆಕೆಂಡಿಗೆ 15 ಚಿತ್ರ ಎಂದರೆ ಅಷ್ಟು ಕೆಲಸವನ್ನು ಸೆಕೆಂಡಿಗೆ 15 ಸಲ ಮಾಡಬೇಕು. ನಾಲ್ಕು ಸ್ಟಿಕ್ಕರ್ ಒಟ್ಟಿಗೆ ಪರದೆಯಲ್ಲಿದ್ದರೆ ಕಡಿಮೆ ಬೆಲೆಯ ಫೋನು ಏದುಸಿರು ಬಿಡುವುದು ಸಹಜ.

ಕಳುಹಿಸುವವರಿಗೆ ಒಂದು ಸಲ, ಪಡೆಯುವವರಿಗೆ ತಲಾ ಒಂದು ಸಲ

ಬಳಗಕ್ಕೆ ಒಂದು ಸ್ಟಿಕ್ಕರ್ ಹಾಕಿದಾಗ ಕಳುಹಿಸಿದವರ ಫೋನು ಆ ಫೈಲನ್ನು ಬೀಗ ಹಾಕಿ ಒಂದು ಸಲ ಮೇಲಕ್ಕೆ ಏರಿಸುತ್ತದೆ. ಬಳಗದಲ್ಲಿ ಇಬ್ಬರಿದ್ದರೂ 180 ಜನ ಇದ್ದರೂ ಅವರಿಗೆ ಖರ್ಚು ಅಷ್ಟೇ. ಉಳಿದವರಿಗೆ ಫೈಲ್ ಎಲ್ಲಿದೆ ಎಂಬ ಗುರುತು, ಬೀಗದ ಕೈ ಎರಡೂ ಇರುವ ಚಿಕ್ಕ ಸಂದೇಶ ಹೋಗುತ್ತದೆ. ಅದನ್ನು ಹಿಡಿದು ಪ್ರತಿಯೊಬ್ಬರ ಫೋನೂ ತನ್ನ ತನ್ನ ಡೇಟಾದಲ್ಲಿ ಫೈಲನ್ನು ಇಳಿಸಿಕೊಳ್ಳುತ್ತದೆ. 480 ಕೆಬಿಯ ಒಂದು ಸ್ಟಿಕ್ಕರ್ 180 ಜನರ ಬಳಗದಲ್ಲಿ ಎಲ್ಲರದ್ದೂ ಸೇರಿ 86 ಎಂಬಿ ಆಗುತ್ತದೆ.

ಹೊಸೂರಿನಲ್ಲೋ ಸೊಲ್ಲಾಪುರದಲ್ಲೋ ಮನೆಯ ವೈಫೈಯಲ್ಲಿ ಕುಳಿತು ಕಳುಹಿಸುವ ನಮಗೆ ಇದು ಗೊತ್ತೇ ಆಗದಿರುವುದು ಇದಕ್ಕೇ. ನಮ್ಮ ಪರದೆಯಲ್ಲಿ ಅದು ಆ ಕ್ಷಣವೇ ಕುಣಿಯುತ್ತದೆ. ತಾಳವಾಡಿಯ ಬೆಟ್ಟದ ಹಳ್ಳಿಯಲ್ಲಿ, ಜತ್ ತಾಲ್ಲೂಕಿನ ಹೊಲದ ಮನೆಯಲ್ಲಿ ಆ ಜಾಗದಲ್ಲಿ ಬರಿಯ ಗುರುತು ನಿಂತಿರುತ್ತದೆ.

ಫೋನಿನಲ್ಲೇ ಇದನ್ನು ತಡೆಯಬಹುದಲ್ಲ ಎಂದರೆ, ಅಲ್ಲೊಂದು ಕೊರತೆ ಇದೆ. ವಾಟ್ಸಾಪ್‌ನ `Settings` ಒಳಗೆ `Storage and data` ತೆರೆದರೆ `Media auto-download` ಎಂಬ ಭಾಗ ಸಿಗುತ್ತದೆ. ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಈ ಮೂರಕ್ಕೂ ಏನೇನು ತಾನಾಗಿ ಇಳಿಯಬೇಕೆಂದು ಅಲ್ಲಿ ಆರಿಸಬಹುದು. ಆಯ್ಕೆ ಇರುವುದು ಫೋಟೊ, ಆಡಿಯೊ, ವಿಡಿಯೊ, ಡಾಕ್ಯುಮೆಂಟ್ ನಾಲ್ಕಕ್ಕೆ ಮಾತ್ರ. ಸ್ಟಿಕ್ಕರ್ ಎಂಬ ಸಾಲೇ ಅಲ್ಲಿಲ್ಲ. ಡೇಟಾ ಉಳಿಸಲೆಂದು ನಾಲ್ಕನ್ನೂ ತೆಗೆದವರಿಗೆ ಸೂಚನೆಯ ಫೋಟೊ ತಾನಾಗಿ ಬರುವುದಿಲ್ಲ, ಸ್ಟಿಕ್ಕರ್ ಬರುತ್ತದೆ! ಬೇಕಾದದ್ದು ಹೊರಗೆ, ಬೇಡದ್ದು ಒಳಗೆ.

ಗಡಿಯಲ್ಲಿರುವ ನಮಗೆ ಇದರ ಮೇಲೆ ಇನ್ನೊಂದು ಕಟ್ಟು ಸೇರುತ್ತದೆ. ಕರ್ನಾಟಕದ ಸಿಮ್ ಇಟ್ಟುಕೊಂಡು ಗಡಿ ದಾಟಿದಾಗ, ಅಥವಾ ಮನೆಯಲ್ಲಿ ಕುಳಿತಿದ್ದಾಗಲೇ ಫೋನು ಪಕ್ಕದ ರಾಜ್ಯದ ಟವರ್ ಹಿಡಿದಾಗ, ಅದು ರೋಮಿಂಗ್ ಎಂದು ಗುರುತಿಸಬಹುದು. ಆಗ ವಾಟ್ಸಾಪ್ `When roaming` ಸಾಲನ್ನು ನೋಡುತ್ತದೆ. ನಾವು ಮುಟ್ಟದಿದ್ದರೆ ಆ ಸಾಲಿನಲ್ಲಿ `No media` ಎಂದೇ ಇರುತ್ತದೆ. ಮನೆಯಲ್ಲಿ ತಾನಾಗಿ ಬರುತ್ತಿದ್ದ ಫೋಟೊ ಸಂತೆಗೆ ಹೋದಾಗ ಬರುವುದಿಲ್ಲ ಎಂದು ಕಾಸರಗೋಡು, ತಾಳವಾಡಿ ಎರಡೂ ಕಡೆಯವರು ಹೇಳಿದ್ದರ ಹಿಂದೆ ಇದೂ ಇರಬಹುದು. ಆ ಸಾಲಿಗೆ ಹೋಗಿ ಫೋಟೊ ಒಂದಕ್ಕೆ ಗುರುತು ಹಾಕಿಟ್ಟರೆ ಸಾಕು. ಫೋನಿನ ಸ್ವಂತ ಸೆಟ್ಟಿಂಗ್‌ನಲ್ಲಿ ಡೇಟಾ ರೋಮಿಂಗ್ ಆಫ್ ಆಗಿದ್ದರೆ ಮಾತ್ರ ಆಗ ಫೋಟೊ ಅಲ್ಲ, ನೆಟ್ಟೇ ಇರುವುದಿಲ್ಲ.

ಬಳಗವನ್ನು ಮ್ಯೂಟ್ ಮಾಡಿದರೆ ಡೇಟಾ ಉಳಿಯುತ್ತದೆಯೇ ಎಂದೂ ಕೇಳಿದ್ದಾರೆ. ಉಳಿಯುವುದಿಲ್ಲ. ಸದ್ದು ನಿಲ್ಲುತ್ತದೆ, ಸಂದೇಶ ಬರುವುದು ನಿಲ್ಲುವುದಿಲ್ಲ.

ನಮ್ಮ ಬಾವುಟದ ಸ್ಟಿಕ್ಕರ್ ಯಾಕೆ ಭಾರವಾಯಿತು

ಸಂಘದ ಕಡೆಯಿಂದ ಹೋದ ಆರರಲ್ಲಿ ಒಂದು, ಕೆಂಪು ಹಳದಿ ಬಾವುಟ ಗಾಳಿಗೆ ಆಡುತ್ತಿರುವುದು, ಅದರ ಮೇಲೆ ಶುಭಾಶಯದ ಅಕ್ಷರ. ಸದಸ್ಯರೊಬ್ಬರ ಮಗ, ಕಾಲೇಜಿನ ಹುಡುಗ, ಎರಡು ರಾತ್ರಿ ಕುಳಿತು ಮಾಡಿದ್ದು. 4 ಸೆಕೆಂಡಿನ ಚಲನೆ, ಸೆಕೆಂಡಿಗೆ 15 ಚಿತ್ರ, ಒಟ್ಟು 60 ಚಿತ್ರ. ಮೊದಲ ಸಲ 500 ಕೆಬಿ ಮೀರಿ ಆಪ್ ತಿರಸ್ಕರಿಸಿತು. ಗುಣಮಟ್ಟ ಇಳಿಸುತ್ತಾ ಇಳಿಸುತ್ತಾ 470 ಕೆಬಿಗೆ ತಂದ. ಅಷ್ಟರಲ್ಲಿ ಅಕ್ಷರಗಳ ಒತ್ತು ಕಲಸಿಹೋಗಿ ‘ರಾಜ್ಯೋತ್ಸವ’ದ ಯ ಒತ್ತು, ಸ ಒತ್ತು ಎರಡೂ ಒಂದೇ ಮಸಿಯ ಚುಕ್ಕೆಯಂತೆ ಕಾಣುತ್ತಿದ್ದವು. ಟೈಪ್ ಮಾಡಿದ ಅದೇ ಎರಡು ಪದವನ್ನು ಏಳು ಸಾವಿರಕ್ಕೂ ಹೆಚ್ಚು ಸಲ ಕಳುಹಿಸಬಹುದಾದ ತೂಕ, ಓದಲು ಮಾತ್ರ ಅದಕ್ಕಿಂತ ಕಷ್ಟ.

ಯಾಕೆ ಹೀಗೆ ಎಂದು ನೋಡಲು ವೆಬ್‌ಪಿ ಉಪಕರಣಗಳ ಜೊತೆ ಉಚಿತವಾಗಿ ಬರುವ ಒಂದು ಆಜ್ಞೆ ಇದೆ. ಕಂಪ್ಯೂಟರಿನಲ್ಲಿ ಹೀಗೆ ಕೊಟ್ಟರೆ:

```
webpmux -info bavuta.webp
```

ಒಳಗಿನ ಪ್ರತಿ ಚಿತ್ರದ ಅಗಲ, ಎತ್ತರ, ಅದು ಶುರುವಾಗುವ ಜಾಗ, ಅದರ ತೂಕ ಸಾಲು ಸಾಲಾಗಿ ಬರುತ್ತದೆ. ಬಾವುಟದಲ್ಲಿ 60 ಸಾಲುಗಳಲ್ಲೂ 512, 512 ಎಂದೇ ಇತ್ತು, ತಲಾ ಸುಮಾರು 8 ಕೆಬಿ. ಗುಟ್ಟು ಇಲ್ಲಿಯೇ ಇದೆ. ಚಲಿಸುವ ವೆಬ್‌ಪಿ ಪ್ರತಿ ಸಲ ಇಡೀ ಚಿತ್ರ ಇಟ್ಟುಕೊಳ್ಳಬೇಕೆಂದಿಲ್ಲ. ಹಿಂದಿನ ಚಿತ್ರಕ್ಕಿಂತ ಎಷ್ಟು ಭಾಗ ಬದಲಾಗಿದೆಯೋ ಅಷ್ಟನ್ನು ಸುತ್ತುವ ಒಂದು ಆಯತವನ್ನು ಮಾತ್ರ ಇಟ್ಟುಕೊಂಡರೆ ನಡೆಯುತ್ತದೆ. ಬಾವುಟ ಮೂಲೆಯಿಂದ ಮೂಲೆಗೆ ಆಡುತ್ತಿತ್ತು, ಅಕ್ಷರವೂ ಅದರ ಜೊತೆ ತೇಲುತ್ತಿತ್ತು, ಹಿಂದಿನ ಬೆಳಕಿನ ಛಾಯೆಯೂ ಮೆಲ್ಲಗೆ ಸರಿಯುತ್ತಿತ್ತು. ಬದಲಾಗದ ಜಾಗವೇ ಇರಲಿಲ್ಲ, ಉಳಿತಾಯವೂ ಆಗಲಿಲ್ಲ.

ಅಕ್ಷರ ಕಲಸಿದ್ದಕ್ಕೆ ಇನ್ನೊಂದು ಕಾರಣ ನಮ್ಮ ಬಣ್ಣಗಳದೇ. ತೂಕ ಇಳಿಸುವ ಬಗೆಯ ವೆಬ್‌ಪಿ ಬೆಳಕು ಕತ್ತಲನ್ನು ಪೂರ್ತಿ ವಿವರದಲ್ಲಿ ಉಳಿಸಿಕೊಂಡು, ಬಣ್ಣವನ್ನು ಅಗಲದಲ್ಲೂ ಎತ್ತರದಲ್ಲೂ ಅರ್ಧ ವಿವರದಲ್ಲಿ ಇಟ್ಟುಕೊಳ್ಳುತ್ತದೆ. ಫೋಟೊದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಹಳದಿಯ ಮೇಲೆ ಅಚ್ಚ ಕೆಂಪಿನ ಅಕ್ಷರ ಬರೆದರೆ ಅಂಚು ಬಣ್ಣ ಬಿಟ್ಟಂತೆ ಹರಡುತ್ತದೆ. ಕನ್ನಡದ ಒತ್ತಕ್ಷರಗಳು ಚಿಕ್ಕವು, ಅವು ಮೊದಲು ಕೆಡುತ್ತವೆ. ಅಕ್ಷರಕ್ಕೆ ಕಡುಗಂದು ಬಣ್ಣ ಕೊಟ್ಟು ಸುತ್ತ ಬಿಳಿ ಅಂಚು ಎಳೆದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ.

ಅದೇ ಹುಡುಗನೇ ಎರಡನೆಯದನ್ನು ಮಾಡಿದ. ಈ ಸಲ ಒಂದು ಹಣತೆ, ಕೆಳಗೆ ಕಡುಗಂದು ಅಕ್ಷರ, ಹಿನ್ನೆಲೆ ಇಲ್ಲ. ಅಲುಗಾಡುವುದು ಹಣತೆಯ ಕುಡಿ ಒಂದೇ. ಒಂದು ಸೆಕೆಂಡಿನ ಚಲನೆ, 8 ಚಿತ್ರ, ಒಂದೊಂದೂ 125 ಮಿಲಿಸೆಕೆಂಡ್ ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ಕುಡಿ ಆಡುವುದಕ್ಕೆ ಸೆಕೆಂಡಿಗೆ 8 ಸಾಕು, ಹೆಚ್ಚು ನಯವಾದರೆ ದೀಪದಂತೆಯೇ ಕಾಣುವುದಿಲ್ಲ ಎಂಬುದು ಅವನ ಅಭಿಪ್ರಾಯ. ನಮಗೂ ಹಾಗೇ ಅನ್ನಿಸಿತು. ಚಿತ್ರಗಳನ್ನು `d01.png`ಯಿಂದ `d08.png`ವರೆಗೆ ಇಟ್ಟು ಕೊಟ್ಟ ಆಜ್ಞೆ ಇದು:

```
img2webp -min_size -loop 0 -lossy -q 60 -d 125 d0*.png -o hanate.webp
```

ಮೊದಲ ಪ್ರಯತ್ನದಲ್ಲಿ ಇದೂ ಭಾರವಾಗಿಯೇ ಬಂತು. ಮತ್ತೆ `webpmux` ಹಾಕಿ ನೋಡಿದರೆ ಎಂಟೂ ಸಾಲಿನಲ್ಲಿ ಆಯತ ದೊಡ್ಡದಾಗಿಯೇ ಇತ್ತು. ಅವನು ಫೋನಿನ ಆಪ್‌ನಲ್ಲಿ ಚಿತ್ರಗಳನ್ನು ಮೊದಲು ಜೆಪಿಜಿಯಾಗಿ ಉಳಿಸಿ ಆಮೇಲೆ ಪಿಎನ್‌ಜಿಗೆ ಬದಲಾಯಿಸಿದ್ದ. ಜೆಪಿಜಿ ಅಂಚುಗಳ ಸುತ್ತ ಸಣ್ಣ ದೂಳಿನಂಥ ಕಲೆ ಬಿಡುತ್ತದೆ, ಕುಡಿ ಆಡಿದ ಹಾಗೆ ಸುತ್ತಮುತ್ತಲಿನ ಆ ಕಲೆಯೂ ಒಂದೊಂದು ಚಿತ್ರದಲ್ಲಿ ಒಂದೊಂದು ಬಗೆ. ಕಣ್ಣಿಗೆ ನಿಂತಂತೆ ಕಂಡ ಭಾಗ ಕಂಪ್ಯೂಟರಿನ ಪಾಲಿಗೆ ಬದಲಾಗುತ್ತಲೇ ಇತ್ತು. ಮೂಲದಿಂದ ನೇರ ಪಿಎನ್‌ಜಿಯಾಗಿಯೇ ತೆಗೆದಾಗ ಮೊದಲ ಚಿತ್ರ 22 ಕೆಬಿ, ಉಳಿದ ಏಳೂ ಕುಡಿಯ ಸುತ್ತಲಿನ ಪುಟ್ಟ ಆಯತ, ತಲಾ ಒಂದೂವರೆ ಕೆಬಿ. ಒಟ್ಟು ಸುಮಾರು 33 ಕೆಬಿ. 64 ಕೆಬಿಪಿಎಸ್‌ನಲ್ಲಿ ಬಾವುಟಕ್ಕೆ 59 ಸೆಕೆಂಡ್ ಬೇಕಿತ್ತು, ಹಣತೆಗೆ 4. ಅಲುಗಾಡದ ಹಣತೆ ಮಾತ್ರ ಕಳುಹಿಸಿದ್ದರೆ 3.

ಅಂದರೆ ಚಲನೆಯೇ ದುಬಾರಿ ಎಂದಲ್ಲ. ಎಷ್ಟು ಜಾಗ ಚಲಿಸುತ್ತದೆ, ಎಷ್ಟು ಚಿತ್ರಗಳಲ್ಲಿ ಎಂಬುದು ದುಬಾರಿ. ಮನೆಯ ಮಗುವಿನ ವಿಡಿಯೊ ತೆಗೆದು ಸ್ಟಿಕ್ಕರ್ ಮಾಡುವ ಆಪ್‌ಗಳಿವೆ. ಕೈಯಲ್ಲಿ ಹಿಡಿದ ಫೋನು ಸ್ವಲ್ಪವಾದರೂ ಅಲುಗುವುದರಿಂದ ಅಂಥದ್ದರಲ್ಲಿ ಇಡೀ ಚಿತ್ರ ಪ್ರತಿ ಸಲ ಬದಲಾಗುತ್ತದೆ. ಅವು ಮಿತಿಯ ಹತ್ತಿರಕ್ಕೇ ಹೋಗಿ ನಿಲ್ಲುವುದು ಅದಕ್ಕೆ. ಮುದ್ದಾಗಿರುತ್ತವೆ, ಅಜ್ಜಿ ತಾತನಿಗೆ ನೇರ ಕಳುಹಿಸಿ. 180 ಜನರ ಬಳಗಕ್ಕೆ ಅದೇ ಮಗುವಿನ ಒಂದು ನಿಂತ ಸ್ಟಿಕ್ಕರ್ ಸಾಕು.

ಟೆಲಿಗ್ರಾಂ ಬಳಸುವ ಸದಸ್ಯರು ಕಡಿಮೆ, ಆದರೂ ಅಲ್ಲಿನ ಕ್ರಮ ಹೇಳುವಂಥದ್ದು. 2019ರಲ್ಲಿ ಅವರು ತಂದ ಚಲಿಸುವ ಸ್ಟಿಕ್ಕರ್ ಚಿತ್ರಗಳ ಕಟ್ಟೇ ಅಲ್ಲ. ‘ಇಲ್ಲಿಂದ ಇಲ್ಲಿಗೆ ಗೆರೆ ಎಳೆ, ಕೆಂಪು ತುಂಬು, ಅರ್ಧ ಸೆಕೆಂಡಿನಲ್ಲಿ ಎಡಕ್ಕೆ ವಾಲಿಸು’ ಎಂಬಂಥ ಸೂಚನೆಗಳ ಪಟ್ಟಿ. ಬಿಡಿಸುವುದು ಪಡೆದವರ ಫೋನು. ಮಿತಿ 64 ಕೆಬಿ, 3 ಸೆಕೆಂಡ್. ವಾಟ್ಸಾಪ್‌ನ ನಿಂತ ಸ್ಟಿಕ್ಕರ್‌ಗೆ ಇರುವ ಮಿತಿಗಿಂತಲೂ ಕಡಿಮೆ. ಗೆರೆ ಮತ್ತು ಬಣ್ಣದ ಚಿತ್ರಕ್ಕೆ ಮಾತ್ರ ಇದು ಒಗ್ಗುತ್ತದೆ, ಫೋಟೊಗೆ ಒಗ್ಗುವುದಿಲ್ಲ. ಆಮೇಲೆ 2022ರಲ್ಲಿ ವಿಡಿಯೊದಿಂದ ಮಾಡುವ ಬಗೆಯೂ ಅಲ್ಲಿಗೆ ಬಂತು, ಅದರ ಮಿತಿ 256 ಕೆಬಿ.

ನಿಮ್ಮ ಫೋನಿನಲ್ಲಿ ನೋಡಿಕೊಳ್ಳುವುದು

ಆಂಡ್ರಾಯ್ಡ್ ಫೋನಿನಲ್ಲಿ ಸ್ಟಿಕ್ಕರ್‌ನ ತೂಕ ನೋಡಲು ಕಂಪ್ಯೂಟರ್ ಬೇಕಿಲ್ಲ. ಫೈಲ್ ತೆರೆಯುವ ಆಪ್‌ನಲ್ಲಿ ಈ ದಾರಿ ಹಿಡಿದು ಹೋದರೆ ಬಂದ ಸ್ಟಿಕ್ಕರ್‌ಗಳೆಲ್ಲ ಸಿಗುತ್ತವೆ:

```
Android/media/com.whatsapp/WhatsApp/Media/WhatsApp Stickers
```

ಗಾತ್ರದ ಪ್ರಕಾರ ಜೋಡಿಸಿದರೆ ಭಾರದವು ಮೇಲೆ ಬರುತ್ತವೆ. ನೂರು ಕೆಬಿ ಮೀರಿದ್ದು ಬಹುತೇಕ ಚಲಿಸುವಂಥದ್ದೇ ಆಗಿರುತ್ತದೆ.

ಒಟ್ಟು ಎಷ್ಟು ಡೇಟಾ ಹೋಯಿತೆಂದು ತಿಳಿಯಲು ವಾಟ್ಸಾಪ್‌ನ `Storage and data` ಒಳಗೆ `Network usage` ಇದೆ. ಕೆಳಗಿನ `Reset statistics` ಒತ್ತಿ ಶುರುವಿಗೆ ತಂದು, ಹಬ್ಬದ ದಿನ ರಾತ್ರಿ ಮತ್ತೆ ತೆರೆದು ನೋಡಿ. ಮೀಡಿಯಾ ಎಷ್ಟು, ಸಂದೇಶ ಎಷ್ಟು ಎಂದು ಬೇರೆ ಬೇರೆ ತೋರಿಸುತ್ತದೆ. ನಮ್ಮಲ್ಲಿ ನೋಡಿದವರಿಗೆಲ್ಲ ಬೆರಗಾದದ್ದು ಸಂದೇಶದ ಸಾಲು ಎಷ್ಟು ಚಿಕ್ಕದು ಎಂಬುದು.

ಇನ್ನು ಮುಂದೆ ಸಂಘದ ಕಡೆಯಿಂದ

ಕಾರ್ಯಕ್ರಮದ ದಿನ, ಹೊತ್ತು, ಜಾಗ, ಬಸ್ಸು, ಬದಲಾವಣೆ ಇವೆಲ್ಲ ಟೈಪ್ ಮಾಡಿದ ಕನ್ನಡದಲ್ಲೇ ಮೊದಲು ಬರುತ್ತವೆ. ಅಲಂಕಾರದ ಚಿತ್ರ ಇದ್ದರೆ ಅದು ಹಿಂದಿನಿಂದ. ತೂಕ ಒಂದೇ ಕಾರಣವಲ್ಲ. ಚಿತ್ರದೊಳಗಿನ ಅಕ್ಷರವನ್ನು ಬಳಗದಲ್ಲಿ ಹುಡುಕಿದರೆ ಸಿಗುವುದಿಲ್ಲ, ದೃಷ್ಟಿ ಕಡಿಮೆ ಇರುವ ಸದಸ್ಯರ ಫೋನು ಅದನ್ನು ಓದಿ ಹೇಳುವುದೂ ಕಷ್ಟ. ಅಂದು ‘ಜಾಗ ಬದಲು: ಕಲ್ಯಾಣ ಮಂಟಪ’ ಎಂದು ಟೈಪ್ ಮಾಡಿದ್ದರೆ ಸ್ಟಿಕ್ಕರ್‌ಗಳ ನಡುವೆಯೂ ನುಸುಳಿ ಬಂದಿರುತ್ತಿತ್ತು.

ಸಂಘದ ಸ್ಟಿಕ್ಕರ್‌ಗಳಿಗೆ ನಾವೇ 40 ಕೆಬಿಯ ಮಿತಿ ಹಾಕಿಕೊಂಡಿದ್ದೇವೆ, ನಿಂತದ್ದಾಗಲಿ ಚಲಿಸುವುದಾಗಲಿ. ವಾಟ್ಸಾಪ್‌ನಲ್ಲಿ ಒಂದೇ ಪ್ಯಾಕ್‌ನೊಳಗೆ ಎರಡು ಬಗೆ ಬೆರೆಸಲು ಬರುವುದಿಲ್ಲ. ಒಂದು ಪ್ಯಾಕ್‌ಗೆ ಕನಿಷ್ಠ 3, ಹೆಚ್ಚೆಂದರೆ 30 ಸ್ಟಿಕ್ಕರ್ ಇರಬೇಕು. ಆದ್ದರಿಂದ ಸಂಕ್ರಾಂತಿಗೆ ಎರಡು ಪ್ಯಾಕ್ ಬರುತ್ತವೆ: ಎಳ್ಳು ಬೆಲ್ಲ, ಕಬ್ಬು, ಹಣತೆ, ನಮಸ್ಕಾರ ಮುಂತಾದ 12 ನಿಂತವು ಒಂದು, ಹಣತೆಯ ಕುಡಿ, ಗಾಳಿಪಟದ ಬಾಲ, ಎತ್ತಿನ ಕೊರಳ ಗಂಟೆ ಈ ಮೂರು ಮಾತ್ರ ಅಲುಗಾಡುವ ಇನ್ನೊಂದು. ಗಾಳಿಪಟದ ಬಾಲ ಇನ್ನೂ 52 ಕೆಬಿಯಲ್ಲಿದೆ, ಬಾಲ ಸ್ವಲ್ಪ ಗಿಡ್ಡ ಮಾಡಬೇಕಾಗಬಹುದು. ಎರಡೂ ಪ್ಯಾಕ್‌ಗಳ ಕೊಂಡಿಯನ್ನು ಬಳಗದಲ್ಲಿ ಹಾಕುತ್ತೇವೆ. ಅಕ್ಷರ ಸ್ಪಷ್ಟವಾಗಿ ಓದಲು ಬರುತ್ತದೆಯೇ ಎಂದು ಹಳೆಯ, ಚಿಕ್ಕ ಪರದೆಯ ಫೋನು ಇರುವ ಸದಸ್ಯರು ನೋಡಿ ತಿಳಿಸಬೇಕೆಂದು ಕೋರುತ್ತೇವೆ. ಟೈಪ್ ಮಾಡಿ ತಿಳಿಸಿದರೆ ಸಾಕು.